ಎಲ್ಲಕ್ಕೂ ನಾಲ್ಕು: ಗುಂಪು ಹೋಲಿಸುವ ಮುನ್ನ ಸಮೀಕ್ಷೆಯ ಫೈಲ್‌ನಲ್ಲಿ ನೋಡಬೇಕಾದದ್ದು

(ಕೊಪ್ಪಳದಲ್ಲಿ ಕ್ಷೇತ್ರ ಸಮೀಕ್ಷೆ ಮಾಡುವ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ.)

ಮೊದಲು ಒಂದೇ ಒಂದು ಸಾಲು ನೋಡೋಣ. ಪರದೆಯ ಮೇಲೆ ಕಾಣುತ್ತಿರುವುದು ಒಬ್ಬ ರೈತರ ಉತ್ತರ. ಎಂಟು ಹೇಳಿಕೆಗಳನ್ನು ಓದಿ ಹೇಳಿ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಉತ್ತರ ಪಡೆಯಲಾಗಿದೆ. 1 ಎಂದರೆ ಸುತರಾಂ ಒಪ್ಪುವುದಿಲ್ಲ, 5 ಎಂದರೆ ಪೂರ್ತಿ ಒಪ್ಪುತ್ತೇನೆ.

```
4 4 4 4 4 4 4 4
```

ಏನು ತಪ್ಪಿದೆ? ಅಂಕಿಗಳನ್ನಷ್ಟೇ ನೋಡಿದರೆ ಏನೂ ಇಲ್ಲ. ಎಲ್ಲವೂ 1ರಿಂದ 5ರ ಒಳಗಿವೆ, ಯಾವುದೂ ಖಾಲಿ ಇಲ್ಲ. ಈಗ ಹೇಳಿಕೆಗಳನ್ನು ಓದಿ. ಒಂದನೆಯದು: "ಸರದಿಯಂತೆ ನಮ್ಮ ಹೊಲಕ್ಕೆ ನೀರು ಬರುತ್ತದೆ." ನಾಲ್ಕನೆಯದು: "ನಮ್ಮ ಸರದಿಯ ದಿನವೂ ಹೊಲಗಾಲುವೆ ಒಣಗಿಯೇ ಇರುತ್ತದೆ." ಈ ರೈತರು ಎರಡನ್ನೂ ಒಪ್ಪಿದ್ದಾರೆ. ಒಂದೇ ಹೊಲಕ್ಕೆ ಒಂದೇ ಸರದಿಯಲ್ಲಿ ನೀರು ಬಂದೂ ಇದೆ, ಬಂದೂ ಇಲ್ಲ.

ಈ ಫೈಲ್ ನಿಜವಾದ ಸಮೀಕ್ಷೆಯದಲ್ಲ, ಕಲಿಸಲೆಂದೇ ನಾನು ಕಟ್ಟಿದ್ದು. ಆದರೆ ಪ್ರಶ್ನೆ ನಮ್ಮದೇ ನೆಲದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದ ರೈತರು, ಅಂದರೆ ಗಂಗಾವತಿ, ಕಾರಟಗಿ ಕಡೆಯವರು, ಮತ್ತು ಕೊನೆಭಾಗದ ರೈತರು, ಅಂದರೆ ಮಾನ್ವಿ, ಸಿರವಾರ ಕಡೆಯವರು, ನೀರಿನ ವಿತರಣೆಯ ಬಗ್ಗೆ ಎಷ್ಟು ತೃಪ್ತರು ಎಂದು ಹೋಲಿಸಬೇಕು. ಎರಡೂ ಕಡೆ 120 ಮನೆಗಳಂತೆ ಒಟ್ಟು 240 ಸಾಲು. ಎಂಟು ಜನ ಸಮೀಕ್ಷಕರು, ತಲಾ 30 ಮನೆ. ಎಂಟು ಹೇಳಿಕೆಗಳಲ್ಲಿ ಆರು ಒಳ್ಳೆಯದನ್ನು ಹೇಳುವಂಥವು. ನಾಲ್ಕನೆಯದು ಮತ್ತು ಏಳನೆಯದು ಉಲ್ಟಾ. ಏಳನೆಯದು ಹೀಗಿದೆ: "ನೀರು ಬಳಕೆದಾರರ ಸಂಘದ ತೀರ್ಮಾನಗಳನ್ನು ನಾಲ್ಕೈದು ಜನ ಮೊದಲೇ ಮಾಡಿಕೊಂಡು ಬಂದಿರುತ್ತಾರೆ."

ತೃಪ್ತಿಯ ಅಂಕ ತೆಗೆಯುವ ಕ್ರಮ ನಿಮಗೆ ಗೊತ್ತಿದೆ. ಉಲ್ಟಾ ಹೇಳಿಕೆಗಳ ಉತ್ತರವನ್ನು 6ರಿಂದ ಕಳೆದು ತಿರುಗಿಸಿ, ಎಂಟರ ಸರಾಸರಿ ತೆಗೆಯುತ್ತೇವೆ. ಎಲ್ಲಕ್ಕೂ 4 ಎಂದವರ ಅಂಕ ಎಷ್ಟಾಗುತ್ತದೆ? ಆರು ಹೇಳಿಕೆಗೆ ನಾಲ್ಕರಂತೆ 24, ತಿರುಗಿಸಿದ ಎರಡಕ್ಕೆ ಎರಡರಂತೆ 4, ಒಟ್ಟು 28. ಎಂಟರಿಂದ ಭಾಗಿಸಿದರೆ 3.5. ಆ ರೈತರ ಹೊಲಕ್ಕೆ ನೀರು ಬರಲಿ, ಬಾರದಿರಲಿ, ಅವರ ಅಂಕ 3.5 ಎಂದು ಮೊದಲೇ ನಿಗದಿಯಾಗಿಬಿಟ್ಟಿದೆ. ಇದು ಅವರ ಅಭಿಪ್ರಾಯದಿಂದ ಬಂದ ಸಂಖ್ಯೆಯಲ್ಲ. ನಮ್ಮ ಪ್ರಶ್ನಾವಳಿಯಲ್ಲಿ ಎಷ್ಟು ಹೇಳಿಕೆ ಉಲ್ಟಾ ಇವೆ ಎಂಬುದರಿಂದ ಬಂದ ಸಂಖ್ಯೆ.

ಈಗ ಹೋಲಿಕೆಗೆ ಬನ್ನಿ. ಫೈಲ್ ತೆರೆದ ಕೂಡಲೇ ಸರಾಸರಿ ತೆಗೆದರೆ ಮೇಲ್ಭಾಗಕ್ಕೆ 3.12, ಕೊನೆಭಾಗಕ್ಕೆ 2.60 ಸಿಗುತ್ತದೆ. ವ್ಯತ್ಯಾಸ 0.52. ಕೊನೆಭಾಗದವರಿಗೆ ಸ್ವಲ್ಪ ಅಸಮಾಧಾನವಿದೆ ಎಂದು ಬರೆದು ಮುಗಿಸಬಹುದು, ಮುಗಿಸಿಯೂ ಇರುತ್ತಾರೆ. ಆದರೆ ಮೇಲ್ಭಾಗದ 120ರಲ್ಲಿ ಎಲ್ಲಕ್ಕೂ ನಾಲ್ಕು ಎಂದವರು 6 ಜನ. ಕೊನೆಭಾಗದ 120ರಲ್ಲಿ 30 ಜನ. ಅವರನ್ನು ಬದಿಗಿಟ್ಟು ಮತ್ತೆ ಲೆಕ್ಕ ಹಾಕಿದರೆ ಮೇಲ್ಭಾಗದ 114 ಜನರ ಸರಾಸರಿ 3.1, ಕೊನೆಭಾಗದ 90 ಜನರದ್ದು 2.3. ವ್ಯತ್ಯಾಸ 0.8. ಅಂದರೆ ನಿಜವಾಗಿ ಉತ್ತರ ಕೊಟ್ಟವರ ನಡುವೆ ಇದ್ದ ಅಂತರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು, ಎಲ್ಲಕ್ಕೂ ಒಂದೇ ಅಂಕಿ ಇರುವ ಆ ಒಂದೇ ಗೆರೆ ಉತ್ತರಗಳ ಕೆಳಗೆ ಮುಚ್ಚಿಹೋಗಿತ್ತು. ನೀರು ಮುಟ್ಟದವರ ದೂರನ್ನು ನಮ್ಮ ಫೈಲೇ ಅಷ್ಟರಮಟ್ಟಿಗೆ ಅಳಿಸಿಹಾಕಿದೆ.

ಎರಡೂ ಗುಂಪಿನಲ್ಲಿ ಇಂಥವರು ಸಮನಾಗಿದ್ದರೆ ಒಂದಕ್ಕೊಂದು ವಜಾ ಆಗಿ ಸರಿಹೋಗುತ್ತದಲ್ಲ ಎಂದು ಈಗಷ್ಟೇ ನಿಮ್ಮಲ್ಲೊಬ್ಬರು ಕೇಳಿದರು. ಸರಿಹೋಗುವುದಿಲ್ಲ. ಎರಡೂ ಕಡೆ ಕಾಲು ಭಾಗ ಜನ ಎಲ್ಲಕ್ಕೂ ನಾಲ್ಕು ಎಂದಿದ್ದಾರೆಂದುಕೊಳ್ಳಿ. ಆಗ ಎರಡೂ ಸರಾಸರಿಗಳು 3.5ರ ಕಡೆಗೆ ಕಾಲು ಭಾಗದಷ್ಟು ಜಗ್ಗಲ್ಪಡುತ್ತವೆ, 0.8 ಇದ್ದ ಅಂತರ 0.6 ಆಗುತ್ತದೆ. ಸಮನಾಗಿದ್ದರೆ ಅಂತರ ಕುಗ್ಗುತ್ತದೆ. ಅಸಮವಾಗಿದ್ದರೆ ಕುಗ್ಗಬಹುದು, ಹಿಗ್ಗಬಹುದು, ಇಲ್ಲದ ಅಂತರ ಹುಟ್ಟಲೂಬಹುದು.

ಇವರನ್ನು ಹಿಡಿಯುವುದು ಹೇಗೆ? ಇಲ್ಲಿ ಕ್ರಮ ಬಹಳ ಮುಖ್ಯ. ನಮ್ಮಲ್ಲಿ ಹೆಚ್ಚಿನವರು ಫೈಲ್ ಕೈಗೆ ಬಂದ ತಕ್ಷಣ ಮಾಡುವ ಮೊದಲ ಕೆಲಸ ಉಲ್ಟಾ ಹೇಳಿಕೆಗಳನ್ನು ತಿರುಗಿಸುವುದು. ಹಾಗೆ ಮಾಡಿದರೆ ನಮ್ಮ ಸಾಲು ಹೀಗಾಗುತ್ತದೆ:

```
4 4 4 2 4 4 2 4
```

ಈಗ ಇದು ಯೋಚಿಸಿ ಕೊಟ್ಟ ಉತ್ತರದ ಹಾಗೆ ಕಾಣುತ್ತದೆ. ಬಹುತೇಕ ತೃಪ್ತಿ, ಒಂದೆರಡು ವಿಷಯದಲ್ಲಿ ತಕರಾರು. ಒಂದೇ ಗೆರೆ ಮಾಯ. ಆದ್ದರಿಂದ ಮೂಲ ಉತ್ತರಗಳು ಬಂದ ಹಾಗೇ ಇರುವ ಕಾಲಂಗಳ ಮೇಲೆಯೇ ಈ ಪರೀಕ್ಷೆ ನಡೆಯಬೇಕು. ತಿರುಗಿಸಿದ ಅಂಕಿಗಳು ಬೇರೆ ಕಾಲಂನಲ್ಲಿ ಇರಲಿ, ಮೂಲದ ಮೇಲೆ ಬರೆಯಬೇಡಿ. ಒಮ್ಮೆ ಮೂಲದ ಮೇಲೆ ಬರೆದು ಸೇವ್ ಮಾಡಿದ ಫೈಲ್ ಮೂರನೆಯವರ ಕೈಗೆ ಹೋದರೆ, ತಿರುಗಿಸಿದ್ದಾರೋ ಇಲ್ಲವೋ ಎಂದು ತಿಳಿಯದೆ ಅವರು ಇನ್ನೊಮ್ಮೆ ತಿರುಗಿಸುತ್ತಾರೆ.

ಎಕ್ಸೆಲ್ ಸಾಕು, ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಎಂಟು ಹೇಳಿಕೆಗಳು F ಕಾಲಂನಿಂದ M ಕಾಲಂವರೆಗೆ ಇವೆ ಎಂದುಕೊಳ್ಳಿ. ಎಲ್ಲ ಎಂಟೂ ತುಂಬಿದ್ದು, ಎಲ್ಲ ಒಂದೇ ಆಗಿದ್ದರೆ TRUE ಎಂದು ತೋರಿಸಲು:

```
=AND(COUNT(F2:M2)=8, MAX(F2:M2)=MIN(F2:M2))
```

COUNT ಯಾಕೆ ಎಂದರೆ, ಎರಡಕ್ಕೆ ಮಾತ್ರ ಉತ್ತರಿಸಿ ಎರಡಕ್ಕೂ 3 ಎಂದವರನ್ನು ಈ ಪಟ್ಟಿಗೆ ಸೇರಿಸಬಾರದು. ಅವರದು ಬೇರೆ ಸಮಸ್ಯೆ. "ಗೊತ್ತಿಲ್ಲ" ಎನ್ನುವುದಕ್ಕೆ 9 ಅಥವಾ 99 ಎಂದು ಕೋಡ್ ಕೊಟ್ಟಿದ್ದರೆ ಅದನ್ನೂ ಮೊದಲೇ ಖಾಲಿ ಮಾಡಿಕೊಳ್ಳಿ. ಇಲ್ಲದಿದ್ದರೆ ಸಂಘದ ಹೆಸರೇ ಕೇಳಿರದ, ಪ್ರಾಮಾಣಿಕವಾಗಿ ಎಲ್ಲಕ್ಕೂ "ಗೊತ್ತಿಲ್ರಿ" ಎಂದ ಹೆಣ್ಣುಮಗಳು ಕೂಡ ಬೇಕಾಬಿಟ್ಟಿ ಉತ್ತರ ಕೊಟ್ಟವರ ಸಾಲಿಗೆ ಸೇರಿಬಿಡುತ್ತಾರೆ.

ಪೂರ್ತಿ ಒಂದೇ ಗೆರೆ ಅಲ್ಲದಿದ್ದರೂ ಬಹುಪಾಲು ಒಂದೇ ಇರುವ ಸಾಲುಗಳಿರುತ್ತವೆ: ಮೊದಲಿಗೆ 2, ಆಮೇಲೆ ಏಳು ಸಲ 4. ಅದಕ್ಕೆ ಒಂದೇ ಅಂಕಿ ಸತತವಾಗಿ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು. N2ರಲ್ಲಿ 1 ಎಂದು ಬರೆದು, O2ರಲ್ಲಿ ಕೆಳಗಿನ ಮೊದಲ ಸೂತ್ರ ಹಾಕಿ U2ವರೆಗೆ ಎಳೆಯಿರಿ. ಎರಡನೆಯದನ್ನು V2ರಲ್ಲಿ ಹಾಕಿ.

```
=IF(AND(G2<>"", G2=F2), N2+1, 1)
=MAX(N2:U2)
```

ಎಂಟರಲ್ಲಿ ಏಳು ಅಥವಾ ಎಂಟು ಬಂದ ಸಾಲುಗಳನ್ನು ಕಣ್ಣಿನಿಂದ ಓದಿ. ಎಣಿಕೆ ಎಷ್ಟಾದರೆ ಅನುಮಾನ ಎಂಬುದಕ್ಕೆ ಎಲ್ಲೆಡೆ ಹೊಂದುವ ಒಂದು ಸಂಖ್ಯೆ ಇಲ್ಲ. ಉಲ್ಟಾ ಹೇಳಿಕೆ ಎಲ್ಲಿದೆ ಎಂಬುದೇ ಅದನ್ನು ನಿರ್ಧರಿಸುತ್ತದೆ. ನಮ್ಮ ಪ್ರಶ್ನಾವಳಿಯಲ್ಲಿ ನಾಲ್ಕನೆಯದು ಉಲ್ಟಾ, ಹಾಗಾಗಿ ಮನಸ್ಸಿಟ್ಟು ಕೇಳಿಸಿಕೊಂಡವರಲ್ಲಿ ಒಂದೇ ಅಂಕಿ ನಾಲ್ಕನೆಯದನ್ನು ದಾಟಿ ಮುಂದುವರಿಯುವುದು ಕಷ್ಟ. ನಡುವಿನ 3 ಮಾತ್ರ ದಾಟಬಲ್ಲದು, ಯಾಕೆಂದರೆ ತಿರುಗಿಸಿದರೂ ಅದು 3. ಎಲ್ಲಕ್ಕೂ 3 ಎಂದವರ ಮಾತಿನಲ್ಲಿ ವಿರೋಧಾಭಾಸ ಇಲ್ಲ. ಅವರು ಉತ್ತರ ಕೊಡಲು ಇಷ್ಟವಿಲ್ಲದವರಿರಬಹುದು, ಅಥವಾ ಸಂಘದ ಅಧ್ಯಕ್ಷರು ಪಕ್ಕದಲ್ಲೇ ನಿಂತಿದ್ದಿರಬಹುದು.

ಇಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಒಂದೇ ಗೆರೆ ಕಂಡ ತಕ್ಷಣ ಅಳಿಸಬೇಡಿ. ತಪ್ಪಿರುವುದು ಗೆರೆಯಲ್ಲಿ ಅಲ್ಲ, ವಿರೋಧಾಭಾಸದಲ್ಲಿ. ನಿಮ್ಮ ಪ್ರಶ್ನಾವಳಿಯಲ್ಲಿ ಉಲ್ಟಾ ಹೇಳಿಕೆಯೇ ಇಲ್ಲ, ಆರೂ ಹೇಳಿಕೆಗಳು ಒಳ್ಳೆಯದನ್ನೇ ಹೇಳುತ್ತವೆ ಎಂದುಕೊಳ್ಳಿ. ನೀರು ಸರದಿಯಂತೆ ಬರುತ್ತದೆ, ಸಾಕಷ್ಟು ಬರುತ್ತದೆ, ಸಂಘ ನಮ್ಮ ಮಾತು ಕೇಳುತ್ತದೆ, ಹೀಗೆ. ಕಾಲುವೆಯ ತುದಿಯಲ್ಲಿ, ಹಂಗಾಮಿಡೀ ನೀರು ಕಾಣದ ರೈತರು ಆರಕ್ಕೂ 1 ಎನ್ನುತ್ತಾರೆ. ಅದು ಅವಸರದ ಉತ್ತರವಲ್ಲ, ಇಡೀ ಫೈಲ್‌ನಲ್ಲೇ ಅತಿ ನಿಜವಾದ ಉತ್ತರ. "ಎಲ್ಲ ಒಂದೇ ಇದ್ದರೆ ಅಳಿಸು" ಎಂಬ ನಿಯಮ ಹಾಕಿದರೆ ಅತಿ ಹೆಚ್ಚು ನೊಂದವರೇ ಫೈಲ್‌ನಿಂದ ಹೊರಬೀಳುತ್ತಾರೆ, ಅದೂ ಒಂದೇ ಗುಂಪಿನಿಂದ. ಶುಚಿ ಮಾಡಲು ಹೋಗಿ ನಾವೇ ಹೊಸ ಪಕ್ಷಪಾತ ತಂದಂತಾಯಿತು. ಉಲ್ಟಾ ಹೇಳಿಕೆ ಇದ್ದಾಗ ಈ ಗೊಂದಲ ಇರುವುದಿಲ್ಲ. ನಿಜಕ್ಕೂ ನೊಂದವರ ಸಾಲು `1 1 1 5 1 1 5 1` ಎಂದು ಬರುತ್ತದೆ, ಅದು ಗೆರೆಯೇ ಅಲ್ಲ.

ಉಲ್ಟಾ ಹೇಳಿಕೆ ಇಲ್ಲದ ಫೈಲ್ ಈಗಾಗಲೇ ಕೈಯಲ್ಲಿದ್ದರೆ, ಅಭಿಪ್ರಾಯದ ಪ್ರಶ್ನೆಗಳನ್ನು ಸಂಗತಿಯ ಪ್ರಶ್ನೆಗಳ ಪಕ್ಕ ಇಟ್ಟು ನೋಡಿ. "ಕಳೆದ ಹಂಗಾಮಿನಲ್ಲಿ ಎಷ್ಟು ಸರದಿ ನೀರು ಸಿಕ್ಕಿತು?" ಎಂದು ಬೇರೆಡೆ ಕೇಳಿರುತ್ತೀರಿ. ಅಲ್ಲಿ ಸೊನ್ನೆ ಇದ್ದು ಇಲ್ಲಿ ಎಲ್ಲಕ್ಕೂ 5 ಇದ್ದರೆ ಅನುಮಾನಪಡಿ. ಅಲ್ಲಿ ಸೊನ್ನೆ, ಇಲ್ಲಿ ಎಲ್ಲಕ್ಕೂ 1 ಇದ್ದರೆ ಮುಟ್ಟಬೇಡಿ.

ಉಲ್ಟಾ ಹೇಳಿಕೆ ಇದ್ದ ಫೈಲ್‌ನಲ್ಲಿ ಗೆರೆಗಿಂತ ಹೆಚ್ಚು ಕೆಲಸಕ್ಕೆ ಬರುವುದು ಜೋಡಿ ಪರೀಕ್ಷೆ. ಒಂದು ಮತ್ತು ನಾಲ್ಕನೇ ಹೇಳಿಕೆ ಎರಡಕ್ಕೂ ಒಪ್ಪಿಗೆ ಇದೆಯೇ?

```
=AND(F2>=4, I2>=4)
```

ಇದು `5 4 4 5 4 5 4 4` ಎಂಬ ಸಾಲನ್ನೂ ಹಿಡಿಯುತ್ತದೆ. ಅಲ್ಲಿ ಗೆರೆ ಇಲ್ಲ, ಆದರೆ ಎಲ್ಲಕ್ಕೂ "ಹೂನ್ರಿ" ಇದೆ. ಬಂದವರು ಅಧಿಕಾರಿಗಳೇನೋ ಎಂಬ ಭಾವನೆಯಿಂದ, ಮರ್ಯಾದೆಗೆ, ಹೇಳಿದ್ದಕ್ಕೆಲ್ಲ ಹೂಂಗುಡುವುದು ನಮ್ಮ ಹಳ್ಳಿಗಳಲ್ಲಿ ಇದ್ದದ್ದೇ. ಇನ್ನೊಂದು ಸೂಕ್ಷ್ಮ ಗಮನಿಸಿ. ಎರಡಕ್ಕೂ ಒಪ್ಪಿಗೆ ಇದ್ದರೆ ವಿರೋಧಾಭಾಸ. ಎರಡಕ್ಕೂ ಇಲ್ಲ ಎಂದರೆ ಅಲ್ಲ. ನೀರು ಬರುತ್ತದೆ, ಆದರೆ ಸರದಿ ತಪ್ಪಿ ಬರುತ್ತದೆ ಎನ್ನುವವರು ಎರಡನ್ನೂ ಒಪ್ಪದೇ ಇರಬಹುದು. ಐದನೆಯದು "ಸಭೆಯಲ್ಲಿ ನಮ್ಮ ಮಾತಿಗೂ ಬೆಲೆ ಇದೆ" ಎಂದಿದೆ. ಅದನ್ನೂ ಏಳನೆಯದನ್ನೂ ಒಟ್ಟಿಗೆ ಒಪ್ಪಿದರೂ ವಿರೋಧಾಭಾಸ ಎನ್ನಲಾಗದು, ಯಾಕೆಂದರೆ ಹೇಳುತ್ತಿರುವವರು ಆ ನಾಲ್ಕೈದು ಜನರಲ್ಲಿ ಒಬ್ಬರಾಗಿರಬಹುದು. ಯಾವ ಜೋಡಿ ನಿಜಕ್ಕೂ ಒಟ್ಟಿಗೆ ನಿಲ್ಲಲಾರದು ಎಂಬುದನ್ನು ಹೊಲ, ಕಾಲುವೆ, ಸಂಘ ಗೊತ್ತಿದ್ದವರು ಮಾತ್ರ ಹೇಳಬಲ್ಲರು. ಇದು ಕಂಪ್ಯೂಟರ್ ಮುಂದೆ ಕೂತವರ ಕೆಲಸ ಮಾತ್ರವಲ್ಲ.

ಉಲ್ಟಾ ಹೇಳಿಕೆ ಬರೆಯುವಾಗ ಒಂದು ಎಚ್ಚರಿಕೆ. ನಾಲ್ಕನೆಯದನ್ನು "ಸರದಿ ಬಂದರೂ ನಮ್ಮ ಹೊಲಕ್ಕೆ ನೀರು ಮುಟ್ಟುವುದಿಲ್ಲ" ಎಂದು ಬರೆದಿದ್ದರೆ ಏನಾಗುತ್ತಿತ್ತು? ಸಮೀಕ್ಷಕರು ಅದನ್ನು ಓದುತ್ತಾರೆ. ರೈತರು "ಇಲ್ರಿ, ಮುಟ್ಟಂಗಿಲ್ರಿ" ಎನ್ನುತ್ತಾರೆ. ಅವರು ಒಪ್ಪಿದ್ದಾರೆ. ಆದರೆ ಮೊದಲು ಕಿವಿಗೆ ಬಿದ್ದದ್ದು "ಇಲ್ರಿ", ಅವಸರದಲ್ಲಿದ್ದ ಸಮೀಕ್ಷಕರು "ಒಪ್ಪುವುದಿಲ್ಲ" ಎಂದು ಒತ್ತುತ್ತಾರೆ. ಹೀಗೆ ಹುಟ್ಟಿದ ತಪ್ಪು ರೈತರದೂ ಅಲ್ಲ, ಪೂರ್ತಿ ಸಮೀಕ್ಷಕರದೂ ಅಲ್ಲ, ಪ್ರಶ್ನೆ ಬರೆದವರದು. "ಹೊಲಗಾಲುವೆ ಒಣಗಿಯೇ ಇರುತ್ತದೆ" ಎಂದು ಬರೆದದ್ದು ಇದೇ ಕಾರಣಕ್ಕೆ. ಒಂದೇ ಉಲ್ಟಾ ಹೇಳಿಕೆಯಲ್ಲಿ, ಎಲ್ಲ ಸಮೀಕ್ಷಕರ ಫಾರ್ಮ್‌ಗಳಲ್ಲೂ ವಿರೋಧಾಭಾಸ ರಾಶಿ ಬಿದ್ದಿದ್ದರೆ ಮೊದಲು ಆ ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿ.

ಇನ್ನು ನಮ್ಮ 36 ಸಾಲುಗಳು ಎಲ್ಲಿಂದ ಬಂದವು ಎಂದು ನೋಡೋಣ. ಇಲ್ಲಿಯತನಕ ನಾವು ಉತ್ತರ ಕೊಟ್ಟವರ ಬಗ್ಗೆಯೇ ಮಾತಾಡಿದೆವು. ಆದರೆ ಮನೆಗೆ ಹೋಗಿ ಕೇಳುವ ಸಮೀಕ್ಷೆಯಲ್ಲಿ ಅಂಕಿ ಒತ್ತುವುದು ಸಮೀಕ್ಷಕರ ಬೆರಳು. ಹಾಗಾಗಿ ಪಿವಟ್ ಟೇಬಲ್ ಹಾಕಿ, ಸಮೀಕ್ಷಕರ ನಂಬರಿನ ಪ್ರಕಾರ ಎಣಿಸಿ. ಮೇಲ್ಭಾಗದ ನಾಲ್ವರಲ್ಲಿ ಕ್ರಮವಾಗಿ 2, 1, 2, 1. ಕೊನೆಭಾಗದ ನಾಲ್ವರಲ್ಲಿ 2, 2, 24, 2. ಏಳನೇ ನಂಬರಿನ ಸಮೀಕ್ಷಕರ 30 ಫಾರ್ಮ್‌ಗಳಲ್ಲಿ 24 ಒಂದೇ ಗೆರೆ. ಅವರನ್ನು ಬಿಟ್ಟರೆ ಎರಡೂ ಭಾಗಗಳಲ್ಲಿ ಇದು ಒಬ್ಬೊಬ್ಬರಿಗೆ ಒಂದೆರಡು ಮಾತ್ರ. ಕೊನೆಭಾಗದ ರೈತರು ಅಸಡ್ಡೆಯಿಂದ ಉತ್ತರಿಸಿದ್ದಾರೆ ಎಂದು ಬರೆಯಲು ಹೊರಟಿದ್ದವರು ಇಲ್ಲಿಗೆ ನಿಲ್ಲಬೇಕು. ರೈತರ ಮೇಲೆ ಹೊರಿಸಲು ಏನೂ ಇಲ್ಲ.

ಮೊಬೈಲ್‌ನಲ್ಲಿ, ಕೋಬೋ ಅಥವಾ ಓಡಿಕೆ ಎಂಬ ಫಾರ್ಮ್ ತುಂಬುವ ಆ್ಯಪ್ ಬಳಸಿ ಸಮೀಕ್ಷೆ ಮಾಡಿದ್ದರೆ ಸಮಯವೂ ಸಿಗುತ್ತದೆ. ಫಾರ್ಮ್ ತಯಾರಿಸುವಾಗಲೇ `audit` ಎಂಬ ಸಾಲು ಸೇರಿಸಿದ್ದರೆ, ಪ್ರತಿ ಪ್ರಶ್ನೆಯ ಮೇಲೆ ಎಷ್ಟು ಹೊತ್ತು ಇದ್ದರು ಎಂಬುದು `audit.csv` ಎಂಬ ಫೈಲ್‌ನಲ್ಲಿ ದಾಖಲಾಗಿರುತ್ತದೆ. ಫಾರ್ಮ್ ಶುರುವಾದ ಮತ್ತು ಮುಗಿದ ಸಮಯ ಮಾತ್ರ ನೋಡಿದರೆ ಸಾಲದು. ಮಧ್ಯಾಹ್ನ ಅರ್ಧ ತುಂಬಿ, ಸಂಜೆ ತೆರೆದು ಮುಗಿಸಿದ ಫಾರ್ಮ್ ಐದು ತಾಸಿನ ಸಂದರ್ಶನದಂತೆ ಕಾಣುತ್ತದೆ. ಹೇಳಿಕೆಗಳ ಭಾಗಕ್ಕೆ ಹಿಡಿದ ಹೊತ್ತನ್ನೇ ನೋಡಿ. ಮಿತಿಯನ್ನು ಎಲ್ಲಿಂದಲೋ ತರಬೇಡಿ, ಗಡಿಯಾರ ಇಟ್ಟುಕೊಂಡು ಎಂಟೂ ಹೇಳಿಕೆಗಳನ್ನು ನೀವೇ ಓದಿ. ಒಂದೊಂದಕ್ಕೆ ಐದು ಸೆಕೆಂಡ್ ಎಂದರೂ ಬರೀ ಓದಲಿಕ್ಕೇ 40 ಸೆಕೆಂಡ್ ಬೇಕು. ರೈತರು ಕೇಳಿಸಿಕೊಂಡು, ಯೋಚಿಸಿ, ಬಾಯಿಬಿಡುವ ಹೊತ್ತು ಇನ್ನೂ ಸೇರಿಲ್ಲ. 25 ಸೆಕೆಂಡಿನಲ್ಲಿ ಮುಗಿದಿದ್ದರೆ ಹೇಳಿಕೆಗಳನ್ನು ಓದಿಯೇ ಇಲ್ಲ ಎಂದರ್ಥ. ನಮ್ಮ ಮಾದರಿ ಫೈಲ್‌ನಲ್ಲಿ ಏಳನೇ ನಂಬರಿನವರ ಆ 24 ಸಾಲುಗಳು 30 ಸೆಕೆಂಡಿನ ಒಳಗಿವೆ. ಉಳಿದವರ 12 ಸಾಲುಗಳು ಎರಡೂವರೆ ನಿಮಿಷದಿಂದ ನಾಲ್ಕು ನಿಮಿಷ ಹಿಡಿದಿವೆ. ಅವರು ಹೇಳಿಕೆ ಓದಿದ್ದಾರೆ, ಆದರೆ ಎದುರಿನವರು ಎಲ್ಲಕ್ಕೂ ಹೂಂಗುಟ್ಟಿದ್ದಾರೆ. ಸಾಲುಗಳು ನೋಡಲು ಒಂದೇ, ಕಾರಣ ಬೇರೆ, ಹಾಗಾಗಿ ಪರಿಹಾರವೂ ಬೇರೆ.

ಸಮೀಕ್ಷಕರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಒಂದು ಫಾರ್ಮ್‌ಗೆ ಇಷ್ಟು ಎಂದು ದುಡ್ಡು ಗೊತ್ತು ಮಾಡಿ, ದಿನಕ್ಕೆ ಇಂತಿಷ್ಟು ಆಗಲೇಬೇಕು ಎಂದು ಗಂಟುಬಿದ್ದು, ಮುಕ್ಕಾಲು ತಾಸಿನ ಪ್ರಶ್ನಾವಳಿಯ ಕೊಟ್ಟಕೊನೆಗೆ ಈ ಎಂಟು ಹೇಳಿಕೆ ಇಟ್ಟಿರುತ್ತೇವೆ. ನಾಟಿಯ ದಿನಗಳಲ್ಲಿ ಹೋಗಿರುತ್ತೇವೆ. ಆಳುಗಳು ಗದ್ದೆಯಲ್ಲಿದ್ದಾರೆ, ರೈತರು ಬದುವಿನ ಮೇಲೆ ನಿಂತೇ ಮಾತಾಡುತ್ತಿದ್ದಾರೆ, ಕೊನೆಕೊನೆಗೆ "ಇನ್ನ ನೀವ ಏನರ ಬರ್ಕೊಳ್ರಿ" ಎಂದು ನಡೆದುಬಿಡುತ್ತಾರೆ. ಹೇಳಿಕೆಗಳ ಭಾಗವನ್ನು ನಡುವಿಗೆ ತಂದರೆ, ಮೊದಲ ದಿನದ ಫಾರ್ಮ್‌ಗಳನ್ನು ಅದೇ ರಾತ್ರಿ ಪರೀಕ್ಷಿಸಿದರೆ, ಈ 24 ಸಾಲು ನಾಲ್ಕೈದಕ್ಕೇ ನಿಲ್ಲುತ್ತಿದ್ದವು. ಇಡೀ ಸಮೀಕ್ಷೆ ಮುಗಿದು ತಿಂಗಳಾದ ಮೇಲೆ ಫೈಲ್ ತೆರೆಯುವ ಪದ್ಧತಿಯನ್ನು ದಯವಿಟ್ಟು ಬಿಡಿ.

ಈಗ ಆಗಲಾರದ ಉತ್ತರಗಳ ಕಡೆಗೆ. ಇದರಲ್ಲಿ ಹಲವು ನಿಮಗೆ ಗೊತ್ತಿರುವಂಥವೇ. ತಾಯಿಯ ವಯಸ್ಸು 28, ಹಿರಿಯ ಮಗನದು 19. ಸಂಘದ ಸದಸ್ಯರಲ್ಲ ಎಂದವರು ಕಳೆದ ವರ್ಷ ಮೂರು ಸಭೆಗೆ ಹಾಜರು. ವಾರದಲ್ಲಿ ಎಂಟು ದಿನ ಕೂಲಿ. ಇವುಗಳಿಗೆ ಸೂತ್ರ ಹಾಕುವುದು ಸುಲಭ, ಹಾಗಾಗಿ ಅಲ್ಲಿ ನಿಲ್ಲುವುದಿಲ್ಲ. ನಮ್ಮ ಭಾಗದ ಫೈಲ್‌ಗಳಲ್ಲಿ ಗುಂಪು ಹೋಲಿಕೆಯನ್ನೇ ಕೆಡಿಸುವಂಥ, ಆದರೆ ಕಣ್ಣಿಗೆ ಬೀಳದ ಒಂದನ್ನು ಮಾತ್ರ ಬಿಡಿಸಿ ನೋಡೋಣ. ಅದು ಜಮೀನಿನ ವಿಸ್ತೀರ್ಣ.

ಪಹಣಿಯಲ್ಲಿ ವಿಸ್ತೀರ್ಣ ಎಕರೆ, ಗುಂಟೆಯಲ್ಲಿ ಇರುತ್ತದೆ. 2.20.00 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ, ಆದ್ದರಿಂದ ಅದು ಎರಡೂವರೆ ಎಕರೆ, ದಶಮಾಂಶದಲ್ಲಿ 2.5. ಒಬ್ಬ ಸಮೀಕ್ಷಕರು ಲೆಕ್ಕ ಮಾಡಿ 2.5 ಎಂದು ಬರೆಯುತ್ತಾರೆ. ಇನ್ನೊಬ್ಬರು ಪಹಣಿ ನೋಡಿ 2.20 ಎಂದೇ ಬರೆಯುತ್ತಾರೆ. ಎಕ್ಸೆಲ್ ಕಣ್ಣಿಗೆ ಎರಡೂ ಸರಿಯಾದ ಸಂಖ್ಯೆಗಳೇ. ಮೂರನೆಯವರು 3-12 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ದಿನಾಂಕ ಮಾಡಿಬಿಡುತ್ತದೆ, ಒಳಗೆ ನಲವತ್ತು ಸಾವಿರ ದಾಟಿದ ಒಂದು ಸಂಖ್ಯೆ ಕೂರುತ್ತದೆ. ಅದು ವಾಸಿ, ಸರಾಸರಿ ತೆಗೆದ ಕೂಡಲೇ ಹುಚ್ಚು ಉತ್ತರ ಬಂದು ಸಿಕ್ಕಿಬೀಳುತ್ತದೆ. 2.20 ಮಾತ್ರ ಯಾವತ್ತೂ ಸಿಕ್ಕಿಬೀಳುವುದಿಲ್ಲ.

ಮೇಲ್ಭಾಗದ ತಂಡಕ್ಕೆ ಒಬ್ಬರು ತರಬೇತಿ ಕೊಟ್ಟು, ಕೊನೆಭಾಗದ ತಂಡಕ್ಕೆ ಇನ್ನೊಬ್ಬರು ಕೊಟ್ಟಿದ್ದರೆ ಒಂದು ಗುಂಪು ಪೂರ್ತಿ ದಶಮಾಂಶದಲ್ಲಿ, ಇನ್ನೊಂದು ಪೂರ್ತಿ ಗುಂಟೆಯಲ್ಲಿ ಇರಬಹುದು. ಗುಂಟೆಯಲ್ಲಿ ಬರೆದವರ ಜಮೀನು ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ, ಯಾಕೆಂದರೆ ಮೂವತ್ತು ಗುಂಟೆ ಎಂದರೆ ಮುಕ್ಕಾಲು ಎಕರೆ, ಅಂಕಿಯಲ್ಲಿ ಅದು .30 ಮಾತ್ರ. ಕೊನೆಭಾಗದ ರೈತರ ಹಿಡುವಳಿ ಸಣ್ಣದು ಎಂಬ ತೀರ್ಮಾನ ಹೀಗೂ ಹುಟ್ಟಬಹುದು.

ಹೇಗೆ ಗುರುತಿಸುವುದು? ಬಿಂದುವಿನ ನಂತರದ ಎರಡು ಅಂಕಿಗಳನ್ನು ಮಾತ್ರ ಬೇರೆ ಕಾಲಂಗೆ ತನ್ನಿ.

```
=ROUND(MOD(E2,1)*100,0)
```

ಇದನ್ನು ಸಮೀಕ್ಷಕರ ಪ್ರಕಾರ ಎಣಿಸಿ. 25, 50, 75 ಹೆಚ್ಚಾಗಿ ಬಂದಿದ್ದರೆ ದಶಮಾಂಶ. 10, 20, 30 ಹೆಚ್ಚಾಗಿ ಬಂದು, ಒಂದೂ 39ನ್ನು ದಾಟದಿದ್ದರೆ ಗುಂಟೆ. ಗುಂಟೆಯಲ್ಲಿ ಬರೆಯುವವರ ಕಾಲಂನಲ್ಲಿ ನಡುವೆ ಒಂದು 1.45 ಕಂಡರೆ ಅದು ಆಗಲಾರದ್ದು, ನಲವತ್ತಕ್ಕೇ ಎಕರೆ ತುಂಬುತ್ತದೆ. ಆದರೆ ಈ ಪರೀಕ್ಷೆಗೂ ಮಿತಿ ಇದೆ. 2.3 ಎಂದಿದ್ದರೆ ಅದು ಎರಡು ಎಕರೆ ಮೂರು ಗುಂಟೆಯೋ, ಮೂವತ್ತು ಗುಂಟೆಯೋ ಎಂದು ಫೈಲ್ ಹೇಳಲಾರದು, ಯಾಕೆಂದರೆ 2.30 ಎಂದು ಒತ್ತಿದರೂ ಕೊನೆಯ ಸೊನ್ನೆ ಉಳಿಯುವುದಿಲ್ಲ. ಅದಕ್ಕೆ ಪಹಣಿ ನೋಡಬೇಕು, ಇಲ್ಲವೇ ಫೋನ್ ಮಾಡಿ ಕೇಳಬೇಕು. ಮುಂದಿನ ಸಲ ಎಕರೆಗೆ ಒಂದು, ಗುಂಟೆಗೆ ಒಂದು ಖಾನೆ ಇಟ್ಟು, ಗುಂಟೆಯ ಖಾನೆ 39ಕ್ಕಿಂತ ಹೆಚ್ಚು ಸ್ವೀಕರಿಸದಂತೆ ಮಾಡಿಬಿಡಿ.

ಆಗಲಾರದ್ದು ಬೇರೆ, ಅಪರೂಪದ್ದು ಬೇರೆ. ಈ ಗೆರೆ ಎಳೆಯುವಾಗ ಅವಸರ ಬೇಡ. ಎಕರೆಗೆ 120 ಚೀಲ ಭತ್ತ ಎಂದಿದ್ದರೆ, 75 ಕೆ.ಜಿ. ಚೀಲದ ಲೆಕ್ಕದಲ್ಲಿ ಅದು 90 ಕ್ವಿಂಟಲ್, ಬೆಳೆಯಲು ಬರುವುದಿಲ್ಲ. ಪಕ್ಕದ ಕಾಲಂನಲ್ಲಿ ಮೂರು ಎಕರೆ ಎಂದಿದ್ದರೆ, ಮೂರೂ ಎಕರೆಯ ಒಟ್ಟು ಚೀಲವನ್ನು ಎಕರೆಯ ಖಾನೆಯಲ್ಲಿ ಹಾಕಿದ್ದಾರೆ ಎಂದು ಊಹಿಸಬಹುದು. ಆದರೆ ಇನ್ನೊಂದು ನೋಡಿ. ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಗೆ ಕಾಲುವೆ ನೀರು ಬಿಡುವುದಿಲ್ಲ ಎಂದು ತೀರ್ಮಾನಿಸಿದ ವರ್ಷ ಒಬ್ಬರು ಎರಡನೇ ಬೆಳೆ ಭತ್ತ ಎಂದಿದ್ದಾರೆ. ಸುಳ್ಳೆನಿಸುತ್ತದೆ. ಆದರೆ ಅವರಿಗೆ ಬೋರ್‌ವೆಲ್ ಇರಬಹುದು, ಹಳ್ಳದಿಂದ ಮೋಟರ್ ಹಚ್ಚಿರಬಹುದು, ಅಥವಾ ಅವರು ಹಿಂದಿನ ವರ್ಷದ ಬೆಳೆ ನೆನೆದಿರಬಹುದು. ವರ್ಷ ಗೊಂದಲವಾಗುವ ಪ್ರಶ್ನೆಗಳಲ್ಲಿ ಇಸವಿ ಕೇಳುವ ಬದಲು ಎಲ್ಲರಿಗೂ ನೆನಪಿರುವ ಘಟನೆ ಹಿಡಿದು ಕೇಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದು ಈ ಭಾಗದ ಯಾವ ರೈತರಿಗೂ ಮರೆತಿಲ್ಲ. "ಗೇಟ್ ಮುರಿದ ವರ್ಷದ ಎರಡನೇ ಬೆಳೆ" ಎಂದರೆ ತಪ್ಪು ಕಡಿಮೆಯಾಗುತ್ತದೆ.

ಆಗಲಾರದ ಒಂದು ಉತ್ತರ ಸಿಕ್ಕಿತೆಂದು ಇಡೀ ಸಾಲು ಅಳಿಸಬೇಡಿ. ಜಮೀನಿನ ಖಾನೆ ತಪ್ಪಾಗಿದ್ದರೆ ಅದನ್ನಷ್ಟೇ ಖಾಲಿ ಮಾಡಿ, ಅವರ ತೃಪ್ತಿಯ ಉತ್ತರ ಇರಲಿ. ಒಂದೇ ಸಾಲಿನಲ್ಲಿ ಮೂರ್ನಾಲ್ಕು ಇಂಥವು ಸೇರಿದ್ದರೆ, ಅದರಲ್ಲೂ ಅವು ಒಬ್ಬರೇ ಸಮೀಕ್ಷಕರ ಫಾರ್ಮ್‌ಗಳಲ್ಲಿ ಇದ್ದರೆ, ಆ ಮನೆಗೆ ನಿಜವಾಗಿ ಹೋಗಿದ್ದರೇ ಎಂಬ ಪ್ರಶ್ನೆ ಏಳುತ್ತದೆ.

ಹಾಗಾದರೆ ನಮ್ಮ 36 ಸಾಲುಗಳನ್ನು ಏನು ಮಾಡುವುದು? ಯಾವುದನ್ನು ತೆಗೆಯಬೇಕು ಎಂಬ ನಿಯಮವನ್ನು ಗುಂಪುಗಳ ಸರಾಸರಿ ನೋಡುವ ಮೊದಲೇ ಬರೆದಿಡಿ. ಸಾಧ್ಯವಾದರೆ ಮೇಲ್ಭಾಗ, ಕೊನೆಭಾಗ ಎಂಬ ಕಾಲಂ ಮುಚ್ಚಿಟ್ಟೇ ಈ ಕೆಲಸ ಮಾಡಿ. ಸರಾಸರಿ ನೋಡಿದ ಮೇಲೆ ನಿಯಮ ಮಾಡಿದರೆ, ನಮಗೆ ಬೇಕಾದ ಅಂತರ ಬರುವವರೆಗೆ ಸಾಲುಗಳು ಹೋಗುತ್ತಲೇ ಇರುತ್ತವೆ. ಬೇಕೆಂದೇ ಮಾಡುತ್ತೇವೆ ಎನ್ನುತ್ತಿಲ್ಲ, ಒಳ್ಳೆಯ ಉದ್ದೇಶ ಇದ್ದವರಿಂದಲೂ ಆಗುತ್ತದೆ. ನಿಯಮ ಎರಡೂ ಗುಂಪಿಗೆ ಒಂದೇ ಇರಲಿ. ತೆಗೆದದ್ದನ್ನು ಡಿಲೀಟ್ ಮಾಡಬೇಡಿ, ಪಕ್ಕದ ಕಾಲಂನಲ್ಲಿ ಗುರುತು ಹಾಕಿ.

ನಮ್ಮ ಫೈಲ್‌ನಲ್ಲಿ 24 ಸಾಲು ಒಂದೇ ಊರಿನವು. ಅವನ್ನು ತೆಗೆದರೆ ಆ ಊರು ಬಹುತೇಕ ಫೈಲ್‌ನಿಂದಲೇ ಮಾಯ. ಅದು ಕಾಲುವೆಯ ತೀರಾ ತುದಿಯ ಊರಾಗಿದ್ದರೆ ಉಳಿದ 90 ಜನರ 2.3 ಕೊನೆಭಾಗದ ನಿಜವಾದ ಸ್ಥಿತಿಗಿಂತ ಚೆನ್ನಾಗಿಯೇ ಕಾಣುತ್ತಿರಬಹುದು. ಅದಕ್ಕೆ ಒಂದೇ ದಾರಿ, ಬೇರೊಬ್ಬ ಸಮೀಕ್ಷಕರು ಆ 24 ಮನೆಗಳಿಗೆ ಮತ್ತೆ ಹೋಗಿ ಆ ಎಂಟು ಹೇಳಿಕೆಗಳನ್ನಾದರೂ ಓದಿ ಕೇಳುವುದು. ಐದು ನಿಮಿಷದ ಕೆಲಸ, ಒಂದೆರಡು ದಿನದಲ್ಲಿ ಮುಗಿಯುತ್ತದೆ.

ಹೋಗಲಾಗದಿದ್ದರೆ? ಆಗ ಅತಿ ಕೆಟ್ಟ ಸಾಧ್ಯತೆಯನ್ನು ಲೆಕ್ಕ ಹಾಕಿ ನೋಡಿ. ಕೊನೆಭಾಗದ ಆ 30 ಜನರೂ ನಿಜಕ್ಕೂ ಪೂರ್ತಿ ತೃಪ್ತರು, ಎಲ್ಲರ ಅಂಕ 5 ಎಂದೇ ಇಟ್ಟುಕೊಳ್ಳಿ. 90 ಜನರ 207, ಇವರ 150, ಒಟ್ಟು 357. 120ರಿಂದ ಭಾಗಿಸಿದರೆ 2.975. ಮೇಲ್ಭಾಗದ 6 ಜನ ಪೂರ್ತಿ ಅತೃಪ್ತರು, ಅಂಕ 1 ಎಂದಿಟ್ಟುಕೊಳ್ಳಿ. 114 ಜನರ 353.4, ಇವರ 6, ಒಟ್ಟು 359.4. ಸರಾಸರಿ 2.995. ನಮ್ಮ ವಾದಕ್ಕೆ ಅತ್ಯಂತ ಪ್ರತಿಕೂಲವಾಗಿ ಎಲ್ಲವನ್ನೂ ಊಹಿಸಿದರೂ ಕೊನೆಭಾಗದ ಅಂಕ ಕೂದಲೆಳೆಯಷ್ಟು ಕೆಳಗೇ ಇದೆ. ಈ 240 ಮನೆಗಳ ಮಟ್ಟಿಗೆ ಕೊನೆಭಾಗದವರ ತೃಪ್ತಿ ಕಡಿಮೆ ಎಂಬ ದಿಕ್ಕು ಗಟ್ಟಿ. ಎಷ್ಟು ಕಡಿಮೆ ಎಂಬ ಅಳತೆ ಗಟ್ಟಿಯಲ್ಲ. ಸ್ಯಾಂಪಲ್‌ನಿಂದ ಇಡೀ ಅಚ್ಚುಕಟ್ಟು ಪ್ರದೇಶಕ್ಕೆ ಹೇಳುವಾಗ ಬರುವ ಅನಿಶ್ಚಿತತೆ ಇದರ ಮೇಲೆ ಬೇರೆಯೇ ಇದೆ, ಅದನ್ನು ಇದರೊಳಗೆ ಸೇರಿಸಿಬಿಡಬೇಡಿ.

ಇನ್ನೊಂದು ವಿಷಯ, ಹೇಳಿಕೆಗಳೆಲ್ಲ ಒಂದೇ ದಿಕ್ಕಿನವಾಗಿದ್ದರೆ ಒಂದೇ ಗೆರೆ ಉತ್ತರಗಳು, ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕ್ರಾನ್‌ಬಾಕ್ ಆಲ್ಫಾವನ್ನು ಮೇಲೇರಿಸುತ್ತವೆ. ಆಲ್ಫಾ ಚೆನ್ನಾಗಿ ಬಂದಿದೆ ಎಂಬುದು ಈ ಪರೀಕ್ಷೆ ಬಿಡಲು ಕಾರಣವಾಗದು.

ವರದಿಯಲ್ಲಿ ಇದನ್ನು ಬರೆಯಲು ಸಂಕೋಚಪಡುವವರು ಬಹಳ. ತಮ್ಮ ಸಮೀಕ್ಷೆಯ ಮರ್ಯಾದೆ ಹೋಗುತ್ತದೆ ಎಂಬ ಅಳುಕು. ಆದರೆ ನಾಲ್ಕು ವಾಕ್ಯ ಸಾಕು: "240 ಫಾರ್ಮ್‌ಗಳಲ್ಲಿ 36ರಲ್ಲಿ ಎಲ್ಲ ಎಂಟು ಹೇಳಿಕೆಗೂ ಒಂದೇ ಉತ್ತರವಿತ್ತು, ಅದರಲ್ಲಿ 24 ಒಬ್ಬರೇ ಸಮೀಕ್ಷಕರವು. ಪರಸ್ಪರ ವಿರುದ್ಧ ಹೇಳಿಕೆಗಳೆರಡನ್ನೂ ಒಪ್ಪಿದ್ದರಿಂದ ಇವನ್ನು ಮುಖ್ಯ ಹೋಲಿಕೆಯಿಂದ ಹೊರಗಿಡಲಾಗಿದೆ. ಹೊರಗಿಟ್ಟಾಗ ಅಂತರ 0.8, ಸೇರಿಸಿದಾಗ 0.52. ಈ ಫಾರ್ಮ್‌ಗಳ ನಿಜವಾದ ಉತ್ತರ ಏನೇ ಇದ್ದರೂ ಸಮೀಕ್ಷೆಯಾದ ಮನೆಗಳಲ್ಲಿ ಕೊನೆಭಾಗದ ಸರಾಸರಿ ಮೇಲ್ಭಾಗಕ್ಕಿಂತ ಹೆಚ್ಚಾಗುವುದಿಲ್ಲ." ಇದನ್ನು ವರದಿಯ ಕೊನೆಯ ಅನುಬಂಧದಲ್ಲಿ ಹುದುಗಿಸದೆ, ಹೋಲಿಕೆಯ ಕೋಷ್ಟಕದ ಕೆಳಗೇ ಹಾಕಿ.